ಬಾಗಿದ ತೊಲೆಯ ಅಡ್ಡಕೊಯ್ತ ಸಮತಲವಾಗಿಯೇ ಉಳಿಯುತ್ತದೆ ಎಂದು ಏಕೆ ಒಪ್ಪಬೇಕು?

ಅಂಬಿಕಾ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಸಿವಿಲ್ ಡಿಪ್ಲೊಮಾ ಓದುತ್ತಿದ್ದೇನೆ. ತರಗತಿಯಲ್ಲಿ ಬಾಗುವಿಕೆಯ ಸೂತ್ರದ ಪಾಠ ಮುಗಿದಿದೆ.

```
M/I = σ/y = E/R
```

ಅಂಕಿಗಳನ್ನು ಹಾಕಿ ಉತ್ತರ ತೆಗೆಯಲು ಬರುತ್ತದೆ. ನಾನು ನಿಂತುಬಿಡುವುದು ಸೂತ್ರದ ಸಾಧನೆಯ ಮೊದಲ ಸಾಲಿನಲ್ಲೇ. "ಬಾಗುವ ಮೊದಲು ಸಮತಲವಾಗಿದ್ದ ಅಡ್ಡಕೊಯ್ತ ಬಾಗಿದ ಮೇಲೂ ಸಮತಲವಾಗಿಯೇ ಇರುತ್ತದೆ ಎಂದು ಭಾವಿಸೋಣ" ಎಂದು ಬರೆಸಿದರು. ಏಕೆ ಭಾವಿಸಬೇಕು? ತೊಲೆಯ ಒಳಗೆ ಏನು ನಡೆಯುತ್ತದೆ ಎಂದು ಯಾರೂ ನೋಡಿಲ್ಲ. ಅಡ್ಡಕೊಯ್ತ ಬಟ್ಟಲಿನಂತೆ ಉಬ್ಬಿದರೆ ತಡೆಯುವವರು ಯಾರು? ಲೆಕ್ಕ ಸುಲಭವಾಗಲಿ ಎಂದು ನಾವೇ ಮಾಡಿಕೊಂಡ ಅನುಕೂಲವೇ ಇದು, ಅಥವಾ ತೊಲೆ ನಿಜವಾಗಿಯೂ ಹಾಗೆಯೇ ಬಾಗುತ್ತದೆಯೇ? ಪರೀಕ್ಷೆಗಾಗಿ ಕೇಳುತ್ತಿಲ್ಲ, ನನಗೆ ಅರ್ಥವಾಗಬೇಕು.

ಹುಮನಾಬಾದ್ ಮೆಕ್ಯಾನಿಕಲ್

ಅಂಬಿಕಾ ಅವರೇ, ಅದು ಬರಿಯ ಅನುಕೂಲ. ಎರಡು ತುದಿಗಳಲ್ಲಿ ಬೆಂಡಿಂಗ್ ಮೊಮೆಂಟ್ ಮಾತ್ರ ಇದ್ದು, ಶಿಯರ್ ಸ್ವಲ್ಪವೂ ಇಲ್ಲದಿದ್ದರೆ ಆ ಮಾತು ನಡೆಯುತ್ತದೆ. ಆದರೆ ನಿಜವಾದ ತೊಲೆಯ ಮೇಲೆ ಭಾರ ಬಿದ್ದ ಕೂಡಲೇ ಶಿಯರ್ ಬರುತ್ತದೆ, ಶಿಯರ್ ಬಂದರೆ ಅಡ್ಡಕೊಯ್ತ ಡೊಂಕಾಗುತ್ತದೆ. ಆಗ ಸೂತ್ರವೂ ತಪ್ಪುತ್ತದೆ. ಸುರಕ್ಷಾ ಗುಣಾಂಕ ದೊಡ್ಡದಾಗಿರುವುದರಿಂದ ಕಟ್ಟಡಗಳು ನಿಂತಿವೆ, ಅಷ್ಟೇ.

ಶಹಾಬಾದ್ ಪರ್ಸಿ

ನಾನು ಇಂಜಿನಿಯರ್ ಅಲ್ಲ, ಕಲ್ಲಿನ ವ್ಯಾಪಾರ ಮಾಡುತ್ತೇನೆ. ಬಾಗುವಿಕೆಯ ಮಾತು ಬಂದಿರುವುದರಿಂದ ನನ್ನದೂ ಒಂದು ಕೇಳುತ್ತೇನೆ. ಒಬ್ಬರ ಮನೆಯ ನೀರಿನ ಸಂಪಿಗೆ ಮುಚ್ಚಳವಾಗಿ 40 ಮಿಲಿಮೀಟರ್ ದಪ್ಪದ ಪರ್ಸಿ ಕೇಳಿದ್ದರು. ಆ ದಪ್ಪದ್ದು ಇರಲಿಲ್ಲ. 20 ಮಿಲಿಮೀಟರಿನ ಎರಡು ಪರ್ಸಿಗಳನ್ನು ಒಂದರ ಮೇಲೊಂದು ಹಾಕಿ ಕೊಟ್ಟೆವು, ಲೆಕ್ಕ ಅಷ್ಟೇ ಆಯಿತಲ್ಲ ಎಂದು. ಅಗಲ 600, ಸಂಪಿನ ಬಾಯಿ 1200 ಮಿಲಿಮೀಟರ್. ಮೊನ್ನೆ ಒಬ್ಬರು ಮೇಲೆ ಕಾಲಿಟ್ಟಾಗ ಕೆಳಗಿನ ಕಲ್ಲು ನಡುವೆ ಒಡೆದಿದೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಎರಡು ಇಪ್ಪತ್ತು ಸೇರಿದರೆ ನಲವತ್ತೇ ಅಲ್ಲವೇ? ಕಲ್ಲು ಕೆಟ್ಟದ್ದಿತ್ತೇ?

ಬಸವಕಲ್ಯಾಣ ಗುರುಗಳು

ಅಂಬಿಕಾ, ಮೊದಲು ನಿನಗೆ. ಪರ್ಸಿ ಅಣ್ಣನವರ ಪ್ರಶ್ನೆಯೂ ಇದರೊಳಗೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಸೂತ್ರವನ್ನು ಪಕ್ಕಕ್ಕಿಡು. ತೊಲೆಯ ಎರಡು ತುದಿಗಳನ್ನು ಸಮನಾದ ಮೊಮೆಂಟಿನಿಂದ ತಿರುವುತ್ತಿದ್ದೇವೆ ಎಂದುಕೊ, ನಡುವೆ ಬೇರೆ ಯಾವ ಭಾರವೂ ಇಲ್ಲ. ಉದ್ದಕ್ಕೂ ಮೊಮೆಂಟ್ ಒಂದೇ, ಆಕಾರ ಒಂದೇ, ವಸ್ತು ಒಂದೇ. ಈಗ ಮನಸ್ಸಿನಲ್ಲೇ ತೊಲೆಯನ್ನು ಸಮನಾದ ಬಿಲ್ಲೆಗಳಾಗಿ ಕೊಯ್ಯಿ. ಒಂದು ಬಿಲ್ಲೆಗೂ ಇನ್ನೊಂದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಆದ್ದರಿಂದ ಎಲ್ಲ ಬಿಲ್ಲೆಗಳೂ ಒಂದೇ ರೀತಿಯಲ್ಲಿ ರೂಪ ಬದಲಿಸಬೇಕು.

ನೀನು ಹೇಳಿದಂತೆ ಬಿಲ್ಲೆಯ ಎಡಮುಖ ಎಡಕ್ಕೆ ಉಬ್ಬಿತು ಎನ್ನೋಣ. ಈಗ ನೀನು ತೊಲೆಯ ಆಚೆ ಬದಿಗೆ ಹೋಗಿ ನಿಂತು ನೋಡು. ಅಲ್ಲಿಂದಲೂ ಅದೇ ತೊಲೆ, ಅದೇ ರೀತಿ ಕೆಳಕ್ಕೆ ಬಾಗಿದೆ, ಚಿತ್ರ ಸ್ವಲ್ಪವೂ ಬದಲಾಗಿಲ್ಲ. ಆದರೆ ಈಚೆಯಿಂದ ಎಡಮುಖವಾಗಿದ್ದದ್ದು ಈಗ ಬಲಮುಖವಾಗಿದೆ. ಚಿತ್ರ ಒಂದೇ ಆಗಿರಬೇಕಾದರೆ ಬಲಮುಖವೂ ಬಲಕ್ಕೆ ಅಷ್ಟೇ ಉಬ್ಬಿರಬೇಕು. ಅಂದರೆ ಪ್ರತಿ ಬಿಲ್ಲೆಯೂ ಎರಡು ಕಡೆಗೂ ಉಬ್ಬಿದೆ. ಹಾಗಿದ್ದರೆ ಪಕ್ಕದ ಬಿಲ್ಲೆಯನ್ನು ಎಲ್ಲಿ ಕೂಡಿಸುತ್ತೀ? ಈ ಬಿಲ್ಲೆಯ ಬಲ ಉಬ್ಬೂ ಅದರ ಎಡ ಉಬ್ಬೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ಎರಡೂ ಒಳಕ್ಕೆ ತಗ್ಗಿದರೆ ನಡುವೆ ಸಂದು ಬೀಳುತ್ತದೆ. ತೊಲೆ ಅಖಂಡವಾಗಿದೆ, ಒಂದರೊಳಗೊಂದು ಹೊಗುವಂತಿಲ್ಲ, ಸಂದು ಬಿಡುವಂತೆಯೂ ಇಲ್ಲ. ಉಳಿಯುವುದು ಒಂದೇ ದಾರಿ, ಮುಖ ಚಪ್ಪಟೆಯಾಗಿಯೇ ಇದ್ದು ಇಡಿಯಾಗಿ ವಾಲುವುದು.

ಆದ್ದರಿಂದ ಇಂಥ ಬಾಗುವಿಕೆಯಲ್ಲಿ ಇದು ಅನುಕೂಲಕ್ಕೆ ಮಾಡಿಕೊಂಡ ಊಹೆಯಲ್ಲ, ಸಮಮಿತಿಯಿಂದ ಬರುವ ಫಲಿತಾಂಶ. ಈ ವಾದದಲ್ಲಿ ಉಕ್ಕು, ಮರ, ರಬ್ಬರು ಎಂಬ ಮಾತೇ ಬರಲಿಲ್ಲ ಎಂಬುದನ್ನೂ ಗಮನಿಸು. ಹುಕ್‌ನ ನಿಯಮವನ್ನೂ ನಾನು ಬಳಸಲಿಲ್ಲ.

ಇನ್ನು ಸಾಧನೆ. ಚಪ್ಪಟೆಯಾಗಿಯೇ ಉಳಿದ ಎರಡು ಮುಖಗಳು ವಾಲಿ, ಅವುಗಳ ನಡುವೆ `dθ` ಕೋನ ಆಯಿತು. ಮೇಲಿನ ಎಳೆಗಳು ಕುಗ್ಗಿದವು, ಕೆಳಗಿನವು ಹಿಗ್ಗಿದವು, ನಡುವೆ ಒಂದು ಪದರ ಇದ್ದಷ್ಟೇ ಉಳಿಯಿತು. ಆ ಪದರದ ಬಾಗಿನ ತ್ರಿಜ್ಯ `R` ಆದರೆ ಅದರ ಉದ್ದ `R·dθ`. ಅದರಿಂದ `y` ಕೆಳಗಿರುವ ಎಳೆಯ ಉದ್ದ `(R + y)·dθ`. ಹಿಗ್ಗಿದ್ದನ್ನು ಮೊದಲಿನ ಉದ್ದದಿಂದ ಭಾಗಿಸಿದರೆ ಸ್ಟ್ರೇನ್ `y/R`. ಇಲ್ಲಿಯವರೆಗೆ ಬರಿಯ ಜ್ಯಾಮಿತಿ.

ವಸ್ತು ಹುಕ್‌ನ ನಿಯಮವನ್ನು ಪಾಲಿಸಿದರೆ ಸ್ಟ್ರೆಸ್ `σ = E·y/R`. ತೊಲೆಯನ್ನು ಉದ್ದಕ್ಕೆ ಯಾರೂ ಎಳೆಯುತ್ತಿಲ್ಲ, ಹಾಗಾಗಿ ಇಡೀ ಅಡ್ಡಕೊಯ್ತದ ಮೇಲಿನ ಬಲಗಳ ಮೊತ್ತ ಸೊನ್ನೆಯಾಗಬೇಕು. ಹಿಗ್ಗದ, ಕುಗ್ಗದ ಆ ಪದರ ಅಡ್ಡಕೊಯ್ತದ ಕೇಂದ್ರದ ಮೂಲಕವೇ ಹೋದರೆ ಮಾತ್ರ ಅದು ಸಾಧ್ಯ. ಕೊನೆಗೆ, ಪ್ರತಿ ಎಳೆಯ ಬಲವನ್ನೂ ಅದರ `y`ಯಿಂದ ಗುಣಿಸಿ ಕೂಡಿದರೆ ಹೊರಗಿನ ಮೊಮೆಂಟ್ ಬರಬೇಕು:

```
M = ∫ σ·y dA = (E/R)·∫ y² dA = E·I/R
```

ಎರಡನ್ನೂ ಜೋಡಿಸಿದರೆ ನಿನ್ನ ಸೂತ್ರ ಬಂತು. ಜ್ಯಾಮಿತಿಯ ಹೆಜ್ಜೆ ತಪ್ಪಿದರೆ ಉತ್ತರ ಎಷ್ಟು ತಪ್ಪುತ್ತದೆ ಎನ್ನುವುದಕ್ಕೆ ಗೆಲಿಲಿಯೋ ಸಾಕ್ಷಿ. 1638ರ ಗ್ರಂಥದಲ್ಲಿ ಅವನು ಗೋಡೆಗೆ ನೆಟ್ಟ ತೊಲೆ ಕೆಳ ಅಂಚಿನ ಮೇಲೆ ತಿರುಗುತ್ತದೆ, ಇಡೀ ಅಡ್ಡಕೊಯ್ತ ಒಂದೇ ಸಮನಾದ ಎಳೆತದಲ್ಲಿರುತ್ತದೆ ಎಂದುಕೊಂಡ. ಆಯತಾಕಾರದ ತೊಲೆಗೆ ಅವನ ಲೆಕ್ಕದಲ್ಲಿ `σbh²/2` ಬರುತ್ತದೆ, ಬರಬೇಕಾದದ್ದು `σbh²/6`. ಮೂರು ಪಟ್ಟು ಹೆಚ್ಚು.

ಹುಮನಾಬಾದ್ ಮೆಕ್ಯಾನಿಕಲ್

ಗುರುಗಳೇ, ಶಿಯರ್ ಇಲ್ಲದ ತೊಲೆಗೆ ನೀವು ಹೇಳಿದ್ದು ಸರಿ. ನಾನು ಹೇಳಿದ್ದೂ ಅದನ್ನೇ. ಶಿಯರ್ ಇದ್ದಾಗ ನಿಮ್ಮ ಬಿಲ್ಲೆಗಳೆಲ್ಲ ಒಂದೇ ಅಲ್ಲ, ಆಚೆಯಿಂದ ನೋಡಿದರೆ ಚಿತ್ರವೂ ಒಂದೇ ಅಲ್ಲ. ಸಮಮಿತಿ ಹೋಯಿತು, ಸಮತಲವೂ ಹೋಯಿತು, ಸೂತ್ರವೂ ಹೋಯಿತು.

ಬಸವಕಲ್ಯಾಣ ಗುರುಗಳು

ಮೊದಲೆರಡು ಹೋದವು, ಒಪ್ಪುತ್ತೇನೆ. ಮೂರನೆಯದು ಹೋಗಲಿಲ್ಲ. ಅಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ತೊಲೆಯ ಮೇಲಂಚು, ಕೆಳಂಚುಗಳಲ್ಲಿ ಶಿಯರ್ ಸ್ಟ್ರೆಸ್ ಸೊನ್ನೆ, ನಡುವಿನಲ್ಲಿ ಗರಿಷ್ಠ. ಆದ್ದರಿಂದ ಪಕ್ಕದ ಮುಖದ ಮೇಲೆ ಎಳೆದ ಲಂಬ ಗೆರೆ ನಡುವೆ ಹೆಚ್ಚು ವಾಲುತ್ತದೆ, ಎರಡೂ ಅಂಚುಗಳಲ್ಲಿ ವಾಲುವುದಿಲ್ಲ. ಗೆರೆ ಡೊಂಕಾಯಿತು. ಆದರೆ ಎಳೆಯ ಸ್ಟ್ರೇನ್ ಕಂಡುಹಿಡಿಯಲು ನಮಗೆ ಬೇಕಾದದ್ದು ಒಂದು ಗೆರೆಯ ಆಕಾರವಲ್ಲ, ಎರಡು ಗೆರೆಗಳ ನಡುವಿನ ದೂರ. ನಡುವೆ ಒಂದೇ ಕಡೆ ಭಾರ ಹೊತ್ತ ತೊಲೆಯನ್ನು ತೆಗೆದುಕೊಳ್ಳಿ. ಆಸರೆಯಿಂದ ಭಾರದವರೆಗೆ ಶಿಯರ್ ಒಂದೇ ಸಮ. ಹಾಗಾಗಿ ಪಕ್ಕಪಕ್ಕದ ಎರಡು ಗೆರೆಗಳೂ ಒಂದೇ ಅಚ್ಚಿನಲ್ಲಿ ಡೊಂಕಾಗುತ್ತವೆ. ಒಂದು ಎಲ್ಲಿ ಎಷ್ಟು ಸರಿದಿದೆಯೋ ಇನ್ನೊಂದೂ ಅಲ್ಲಿ ಅಷ್ಟೇ ಸರಿದಿದೆ. ಡೊಂಕಿನಿಂದಾಗಿ ಎಳೆಯ ಉದ್ದ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ವಾಲುವಿಕೆಯಿಂದ ಬರುವ `y/R` ಹಾಗೆಯೇ ಉಳಿಯುತ್ತದೆ, ಸೂತ್ರವೂ ಉಳಿಯುತ್ತದೆ.

ಉದ್ದಕ್ಕೂ ಹರಡಿದ ಭಾರವಿದ್ದರೆ ಶಿಯರ್ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಡೊಂಕುಗಳು ಒಂದೇ ಅಚ್ಚಿನವಾಗಿರುವುದಿಲ್ಲ. ಆಗ ನಿಮ್ಮ ಮಾತಿಗೆ ಬೆಲೆ ಬರುತ್ತದೆ. ಎಷ್ಟು ಎಂದು ಲೆಕ್ಕ ಹಾಕಬಹುದು. ಎರಡು ತುದಿಗಳಲ್ಲಿ ಆಸರೆ ಇರುವ ಆಯತಾಕಾರದ ತೊಲೆಗೆ ಸ್ಥಿತಿಸ್ಥಾಪಕತೆಯ ಪೂರ್ಣ ಸಿದ್ಧಾಂತದಿಂದ ಬರುವ ನಡುವಿನ ಗರಿಷ್ಠ ಸ್ಟ್ರೆಸ್, ನಮ್ಮ ಸೂತ್ರ ಕೊಡುವುದಕ್ಕಿಂತ ಇಷ್ಟು ಪಾಲು ಹೆಚ್ಚು:

```
(4/15)·(h/L)²
```

ಉದ್ದ ಎತ್ತರದ ಹತ್ತು ಪಟ್ಟು ಇದ್ದರೆ ವ್ಯತ್ಯಾಸ ಶೇ 0.27. ನಾಲ್ಕು ಪಟ್ಟು ಇದ್ದರೆ ಶೇ 1.7. ಎರಡೇ ಪಟ್ಟು ಇದ್ದರೆ ಶೇ 6.7. ಸಾಮಾನ್ಯ ತೊಲೆಗಳಲ್ಲಿ ಇದನ್ನು ಸುರಕ್ಷಾ ಗುಣಾಂಕದ ಲೆಕ್ಕಕ್ಕೆ ಹಾಕುವುದು ಸರಿಯಲ್ಲ.

ಯಾದಗಿರಿ ಸೈಟ್

ಗುರುಗಳು ಎರಡು ಪಟ್ಟಿನ ಮಾತು ಹೇಳಿದ್ದರಿಂದ ಸೇರಿಸುತ್ತೇನೆ. ಐಎಸ್ 456:2000 ಸಂಹಿತೆಯಲ್ಲಿ ಎರಡು ಆಸರೆಗಳ ಮೇಲೆ ಸರಳವಾಗಿ ಕೂತ ಬೀಮಿನ ಉದ್ದ ಅದರ ಎತ್ತರದ ಎರಡು ಪಟ್ಟಿಗಿಂತ ಕಡಿಮೆಯಿದ್ದರೆ ಅದು ಡೀಪ್ ಬೀಮ್. ಅದಕ್ಕೆ ಬೇರೆ ನಿಯಮಗಳು. ಅಲ್ಲಿ ಭಾರ ಬಾಗುವಿಕೆಗಿಂತ ಹೆಚ್ಚಾಗಿ ಓರೆಯಾಗಿ ನೇರ ಆಸರೆಗೆ ಇಳಿಯುತ್ತದೆ. ನೀರಿನ ತೊಟ್ಟಿಗಳ ಗೋಡೆಗಳಲ್ಲಿ ಇದು ಬರುತ್ತದೆ.

ಅಂಬಿಕಾ, ಇನ್ನೊಂದು. ಮುಂದೆ ನೀವು ಆರ್‌ಸಿಸಿ ಓದುವಾಗ ಅದೇ ಸಂಹಿತೆಯಲ್ಲಿ ಇದೇ ಮಾತು ಮತ್ತೆ ಸಿಗುತ್ತದೆ, ಅಡ್ಡಕೊಯ್ತ ಸಮತಲವಾಗಿಯೇ ಉಳಿಯುತ್ತದೆ ಎಂದು. ಆದರೆ ಅಲ್ಲಿ `M/I = σ/y` ಇರುವುದಿಲ್ಲ. ಕಾಂಕ್ರೀಟಿನ ಸ್ಟ್ರೇನ್ 0.0035ರವರೆಗೂ ಹೋಗುತ್ತದೆ, ಅಷ್ಟರೊಳಗೆ ಸ್ಟ್ರೆಸ್ಸಿನ ಚಿತ್ರ ನೇರ ಗೆರೆಯಾಗಿ ಉಳಿದಿರುವುದಿಲ್ಲ. ಸ್ಟ್ರೇನಿನ ಚಿತ್ರ ಮಾತ್ರ ನೇರ. ಗುರುಗಳು ಹುಕ್‌ನ ನಿಯಮವನ್ನು ಆಮೇಲೆ ತಂದದ್ದು ಏಕೆ ಎಂದು ಆಗ ತಿಳಿಯುತ್ತದೆ. ಬಿರುಕು ಬಿಟ್ಟ ಕಾಂಕ್ರೀಟಿನಲ್ಲಿ ಅಡ್ಡಕೊಯ್ತ ನಿಜಕ್ಕೂ ಸಮತಲವೇ ಎಂದು ಕೇಳಿದರೆ, ಬಿರುಕಿನ ಬಾಯಲ್ಲೇ ನಿಂತು ನೋಡಿದರೆ ಅಲ್ಲ. ಹಲವು ಬಿರುಕುಗಳನ್ನು ಒಳಗೊಂಡ ಉದ್ದದ ಸರಾಸರಿ ತೆಗೆದರೆ ಹೌದು. ಸರಾಸರಿಯನ್ನು ನಂಬಿ ಕಟ್ಟುತ್ತಿದ್ದೇವೆ.

ಶಹಾಬಾದ್ ಪರ್ಸಿ

ಗುರುಗಳೇ, ನನ್ನ ಕಲ್ಲು ಏನಾಯಿತು?

ಬಸವಕಲ್ಯಾಣ ಗುರುಗಳು

ಬಂದೆ ಅಣ್ಣ. ನಿಮ್ಮ ಎರಡು ಕಲ್ಲುಗಳ ನಡುವೆ ಅಂಟು ಇರಲಿಲ್ಲ. ಬಾಗಿದಾಗ ಮೇಲಿನ ಕಲ್ಲಿನ ತಳ ಹಿಗ್ಗುತ್ತದೆ, ಅದಕ್ಕೆ ತಾಗಿಯೇ ಇರುವ ಕೆಳಗಿನ ಕಲ್ಲಿನ ತಲೆ ಕುಗ್ಗುತ್ತದೆ. ಹಾಗಾಗಿ ಒಂದರ ಮೇಲೊಂದು ಜಾರುತ್ತವೆ. ಪ್ರತಿ ಕಲ್ಲಿನ ಅಡ್ಡಕೊಯ್ತ ತನ್ನ ಪಾಡಿಗೆ ಸಮತಲವಾಗಿದೆ, ಆದರೆ ಎರಡೂ ಸೇರಿದ ನಲವತ್ತರ ಅಡ್ಡಕೊಯ್ತ ಮುರಿದ ಮೆಟ್ಟಿಲಿನಂತೆ ಆಗಿದೆ. ನಲವತ್ತರ ಸೂತ್ರವನ್ನು ಅಲ್ಲಿ ಹಾಕುವಂತಿಲ್ಲ.

ಲೆಕ್ಕ ನೋಡಿ. 80 ಕಿಲೋ ತೂಕದವರು ನಡುವೆ ನಿಂತರೆ ಸುಮಾರು 800 ನ್ಯೂಟನ್. ಅದರಿಂದ ಮೊಮೆಂಟ್ 800 × 1.2 ÷ 4 = 240 ನ್ಯೂಟನ್ ಮೀಟರ್. ಕಲ್ಲಿನ ಸ್ವಂತ ಭಾರದಿಂದ ಸುಮಾರು 117. ಒಟ್ಟು 357. ಇಡೀ 40ರ ಕಲ್ಲಾಗಿದ್ದರೆ `bh²/6` ಎಂದರೆ 600 × 40 × 40 ÷ 6 = 1,60,000 ಘನ ಮಿಲಿಮೀಟರ್. ತಳದ ಎಳೆತ ಸುಮಾರು 2.2 ನ್ಯೂಟನ್ ಪ್ರತಿ ಚದರ ಮಿಲಿಮೀಟರಿಗೆ. ಬಿಡಿ 20ರ ಎರಡು ಕಲ್ಲುಗಳಿಗೆ ತಲಾ 40,000, ಎರಡೂ ಸೇರಿ 80,000. ಎಳೆತ ನೇರವಾಗಿ ಎರಡು ಪಟ್ಟು, ಸುಮಾರು 4.5. ಬಾಗುವಿಕೆಯಂತೂ ನಾಲ್ಕು ಪಟ್ಟು. ಅವರು ನಿಧಾನವಾಗಿ ನಿಲ್ಲದೆ ಒಮ್ಮೆಲೇ ಪೂರ್ತಿ ಭಾರ ಬಿಟ್ಟು ಕಾಲಿಟ್ಟರೆ ಅವರ ಪಾಲಿನ 240 ಎರಡರಷ್ಟಾಗುತ್ತದೆ, ಎಳೆತ 7.5ರ ಹತ್ತಿರ ಹೋಗುತ್ತದೆ. ಕಲ್ಲು ಒತ್ತಿದರೆ ಗಟ್ಟಿ, ಎಳೆದರೆ ದುರ್ಬಲ. ಅದಕ್ಕೇ ಒಡೆಯುವುದು ತಳದಿಂದ.

ಶಹಾಬಾದ್ ಪರ್ಸಿ

ನಡುವೆ ಸಿಮೆಂಟು ಹಾಕಿ ಕೂಡಿಸಿದ್ದರೆ?

ಯಾದಗಿರಿ ಸೈಟ್

ಅಣ್ಣ, ನಾನೇ ಲೆಕ್ಕ ಹಾಕಿದೆ. ಅವರು ನಡುವೆ ನಿಂತಾಗ ಎರಡು ಕಲ್ಲುಗಳು ಜಾರದಂತೆ ಹಿಡಿಯಲು ಆ ಅಂಟಿಗೆ ಬೇಕಾದ ಶಕ್ತಿ ಸುಮಾರು 0.05 ನ್ಯೂಟನ್ ಪ್ರತಿ ಚದರ ಮಿಲಿಮೀಟರಿಗೆ. ಆಸರೆಯ ಹತ್ತಿರ ನಿಂತರೆ 0.08ರ ಒಳಗೆ. ಇದು ಬಹಳ ಕಡಿಮೆ. ಆದರೂ ಮೇಲಿನ ಕಲ್ಲಿನ ಭಾರದಿಂದ ಬರುವ ಘರ್ಷಣೆ ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಬಿಡಿಯಾಗಿಟ್ಟರೆ ಜಾರಿಯೇ ಜಾರುತ್ತವೆ. ಒರಟು ಮುಖಗಳನ್ನು ತೊಳೆದು, ನೆನೆಸಿ, ಪೂರ್ತಿ ಸಿಮೆಂಟು ಬಳಿದು ಕೂಡಿಸಿದರೆ ಹಿಡಿಯಬಹುದು. ಪಾಲಿಶ್ ಮಾಡಿದ ಮುಖಕ್ಕೆ, ಅಲ್ಲಲ್ಲಿ ಉಂಡೆ ಇಟ್ಟು ಕೂಡಿಸಿದ್ದಕ್ಕೆ ನಾನು ಭರವಸೆ ಕೊಡುವುದಿಲ್ಲ. ಸಂಪಿನ ಮೇಲಂತೂ ಇಡೀ ದಪ್ಪದ ಕಲ್ಲನ್ನೇ ಹಾಕಿ, ಇಲ್ಲವೇ ನಡುವೆ ಒಂದು ಕಬ್ಬಿಣದ ಆ್ಯಂಗಲ್ ಕೊಟ್ಟು ಉದ್ದವನ್ನು ಅರ್ಧ ಮಾಡಿ.

ಅಂಬಿಕಾ, ಕಲಬುರಗಿ

ನಾನು ಮಾಡಿ ನೋಡಿದೆ. ಹಾಸಿಗೆ ಅಂಗಡಿಯಿಂದ ನಾಲ್ಕು ಇಂಚು ದಪ್ಪದ ಫೋಮಿನ ತುಂಡು ತಂದು, ಪಕ್ಕದ ಮುಖದ ಮೇಲೆ ಎರಡೆರಡು ಇಂಚಿಗೆ ಒಂದರಂತೆ ಸ್ಕೆಚ್ ಪೆನ್ನಿನಿಂದ ಲಂಬ ಗೆರೆ ಎಳೆದೆ. ಎರಡು ತುದಿಗಳನ್ನು ಹಿಡಿದು ಮೆಲ್ಲಗೆ ತಿರುವಿದಾಗ ನಡುವಿನ ಗೆರೆಗಳು ಬೀಸಣಿಗೆಯ ಕಡ್ಡಿಗಳಂತೆ ವಾಲಿದವು. ಸ್ಕೇಲ್ ಇಟ್ಟು ನೋಡಿದೆ, ನೇರವಾಗಿಯೇ ಇದ್ದವು. ನನ್ನ ಕೈ ಒತ್ತಿದ್ದ ಕಡೆಯ ಗೆರೆಗಳು ಮಾತ್ರ ಸೊಟ್ಟಗಾಗಿದ್ದವು. ಇನ್ನೂ ಜೋರಾಗಿ ಬಾಗಿಸಿದಾಗ ಮೇಲ್ಭಾಗ ಮಡಿಕೆ ಬಿದ್ದು, ಅಲ್ಲಿ ಎಲ್ಲ ಕೆಟ್ಟಿತು.

ಆಮೇಲೆ ಫೋಮನ್ನು ದಪ್ಪದ ಅರ್ಧಕ್ಕೆ ಸರಿಯಾಗಿ ಉದ್ದಕ್ಕೆ ಕೊಯ್ದು, ಎರಡು ಪದರಗಳನ್ನು ಒಂದರ ಮೇಲೊಂದು ಇಟ್ಟು ಬಾಗಿಸಿದೆ. ನಟ್ಟನಡುವಿನ ಗೆರೆ ಒಡೆಯಲಿಲ್ಲ, ತುದಿಯ ಕಡೆಗೆ ಹೋದಂತೆ ಪ್ರತಿ ಗೆರೆಯೂ ಕೊಯ್ದ ಜಾಗದಲ್ಲಿ ಮುರಿದು ಪಕ್ಕಕ್ಕೆ ಸರಿದಿತ್ತು. ಪರ್ಸಿ ಅಣ್ಣನವರ ಸಂಪು ಕಣ್ಣ ಮುಂದೆ ಬಂತು.

ಒಂದು ಅನುಮಾನ. ಬಾಗಿದ ಫೋಮಿನ ತುದಿಯ ಕಡೆಯಿಂದ ನೋಡಿದಾಗ ಅಡ್ಡಕೊಯ್ತ ಚೌಕವಾಗಿ ಉಳಿದಿರಲಿಲ್ಲ. ಮೇಲೆ ಸ್ವಲ್ಪ ಅಗಲವಾಗಿ, ಕೆಳಗೆ ಕಿರಿದಾಗಿತ್ತು. ಸಮತಲ ಕೆಟ್ಟಿತು ಎಂದು ಅರ್ಥವೇ?

ಬಸವಕಲ್ಯಾಣ ಗುರುಗಳು

ಇಲ್ಲ. ಕುಗ್ಗಿದ ಎಳೆ ಅಡ್ಡಕ್ಕೆ ಉಬ್ಬುತ್ತದೆ, ಹಿಗ್ಗಿದ ಎಳೆ ಅಡ್ಡಕ್ಕೆ ಸಣ್ಣಗಾಗುತ್ತದೆ. ಅಡ್ಡಕೊಯ್ತ ತನ್ನ ಸಮತಲದೊಳಗೇ ಆಕಾರ ಬದಲಿಸಿತು, ಸಮತಲದಿಂದ ಹೊರಗೆ ಬರಲಿಲ್ಲ. ಸೂತ್ರಕ್ಕೆ ಅಷ್ಟು ಸಾಕು. ಕೈ ಒತ್ತಿದ ಕಡೆ ಗೆರೆ ಸೊಟ್ಟಗಾದದ್ದನ್ನು ಬರೆದಿಟ್ಟುಕೊ. ತುದಿಯಿಂದ ಸುಮಾರು ತೊಲೆಯ ಎತ್ತರದಷ್ಟು ದೂರದವರೆಗೆ, ಭಾರ ಕೂತ ಜಾಗದ ಸುತ್ತಲೂ ಹಾಗೆಯೇ, ಸೂತ್ರದ ಉತ್ತರವನ್ನು ಅಕ್ಷರಶಃ ನಂಬಬಾರದು.

ಹುಮನಾಬಾದ್ ಮೆಕ್ಯಾನಿಕಲ್

ಶಿಯರಿನ ಡೊಂಕುಗಳು ಒಂದೇ ಅಚ್ಚಿನವು ಎಂಬ ಮಾತು ಒಪ್ಪಿಗೆಯಾಯಿತು. ಆದರೆ ನಡುವೆ ಒಂದೇ ಭಾರವಿರುವ ತೊಲೆಯಲ್ಲಿ ಭಾರದ ಎಡಕ್ಕೆ ಡೊಂಕು ಒಂದು ದಿಕ್ಕಿಗೆ, ಬಲಕ್ಕೆ ಇನ್ನೊಂದು ದಿಕ್ಕಿಗೆ. ಭಾರದ ಕೆಳಗೇ ಗರಿಷ್ಠ ಮೊಮೆಂಟ್ ಇರುವುದು. ಸೂತ್ರ ಕೆಡುವುದೂ ಅಲ್ಲೇ. ನಮಗೆ ಹೆಚ್ಚು ಬೇಕಾದ ಜಾಗದಲ್ಲೇ ಅದು ಕೈಕೊಟ್ಟ ಹಾಗಾಯಿತಲ್ಲ?

ಬಸವಕಲ್ಯಾಣ ಗುರುಗಳು

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಅಲ್ಲಿ ಮೇಲ್ಮೈಯ ಸ್ಟ್ರೆಸ್ ಸೂತ್ರಕ್ಕೆ ಹೊಂದುವುದೇ ಇಲ್ಲ. ಎದುರಿನ ತಳದಲ್ಲಿ ನಿಜವಾದ ಎಳೆತ ಸೂತ್ರ ಹೇಳುವುದಕ್ಕಿಂತ ತುಸು ಕಡಿಮೆ ಇರುತ್ತದೆ, ತೊಲೆ ತೆಳುವಾಗಿ ಉದ್ದವಾಗಿದ್ದಷ್ಟೂ ಆ ವ್ಯತ್ಯಾಸ ಸಣ್ಣದು. ಪರ್ಸಿಯಂಥದ್ದಕ್ಕೆ ತೊಂದರೆಯಿಲ್ಲ, ಗಿಡ್ಡ ತೊಲೆಗೆ ನೀವು ಕೇಳಿದ್ದು ನಿಜವಾದ ಪ್ರಶ್ನೆ.

ಶಹಾಬಾದ್ ಪರ್ಸಿ

ಒಡೆದ ತುಂಡನ್ನು ತರಿಸಿ ನೋಡಿದೆ. ಒಡೆದ ಗೆರೆ ನಟ್ಟನಡುವೆ ಇಲ್ಲ, ಒಂದು ಗೇಣು ಪಕ್ಕಕ್ಕಿದೆ. ಅಲ್ಲಿ ಕಲ್ಲಿನಲ್ಲಿ ಹಳೆಯ ಬಿಳಿ ನರ ಓರೆಯಾಗಿ ಹೋಗಿದೆ. ಈಗ ಹೇಳಿ, ಒಡೆದದ್ದು ಎರಡು ಬಿಡಿ ಕಲ್ಲು ಹಾಕಿದ್ದಕ್ಕೋ, ನರ ಇದ್ದದ್ದಕ್ಕೋ?

ಯಾದಗಿರಿ ಸೈಟ್

ಬಿಡಿಯಾಗಿ ಹಾಕಿದ್ದರಿಂದ ಎಳೆತ ಎರಡು ಪಟ್ಟಾಯಿತು, ಅದು ಖಚಿತ. ಅಷ್ಟು ಎಳೆತವನ್ನು ನರ ಇಲ್ಲದ ಕಲ್ಲು ತಡೆಯುತ್ತಿತ್ತೇ ಎಂದು ಇಲ್ಲಿ ಕೂತು ಹೇಳಲಾಗದು. ಅದೇ ಲಾಟಿನ 20ರ ಕಲ್ಲಿನಿಂದ 150 ಅಗಲದ ಪಟ್ಟಿಗಳನ್ನು ಕೊಯ್ಸಿ, ಕೆಲವು ನರ ಇರುವವು, ಕೆಲವು ಇಲ್ಲದವು. 600 ಅಂತರದಲ್ಲಿ ಎರಡು ಪೈಪುಗಳ ಮೇಲೆ ಇಟ್ಟು, ನಟ್ಟನಡುವೆ ಒಂದು ಬಕೆಟ್ ತೂಗುಹಾಕಿ, ಮರಳು ತುಂಬುತ್ತಾ ಹೋಗಿ. ಒಡೆದಾಗ ಬಕೆಟ್ ತೂಕ ಮಾಡಿ. ಪ್ರತಿ ಹತ್ತು ಕಿಲೋಗೆ ತಳದ ಎಳೆತ ಸುಮಾರು 1.5 ನ್ಯೂಟನ್ ಪ್ರತಿ ಚದರ ಮಿಲಿಮೀಟರಿಗೆ ಎಂದು ಹಿಡಿಯಿರಿ. ಪಟ್ಟಿಯ ಕೆಳಗೆ ಕಾಲು ಇಡಬೇಡಿ.

ಶಹಾಬಾದ್ ಪರ್ಸಿ

ಪಟ್ಟಿ ಕೊಯ್ಸುವುದು ಕಷ್ಟವಲ್ಲ. ಆದರೆ ನಮ್ಮ ಕಲ್ಲು ಪದರು ಪದರಾಗಿ ಏಳುವ ಕಲ್ಲು. ಒಂದೇ ಗಣಿಯಲ್ಲಿ ಮೇಲಿನ ಪದರು ಒಂದು ಬಗೆ, ಕೆಳಗಿನದು ಇನ್ನೊಂದು ಬಗೆ. 40ರ ಕಲ್ಲಿನೊಳಗೇ ಪದರು ಬಿಟ್ಟಿದ್ದರೆ ಅದೂ ಎರಡು ಬಿಡಿ ಕಲ್ಲು ಇಟ್ಟ ಹಾಗೆಯೇ ಆಗುತ್ತದೆಯೇ? ಸುತ್ತಿಗೆಯಿಂದ ತಟ್ಟಿದಾಗ ಟಣ್ ಎನ್ನದೆ ಬೊದ್ದು ಸದ್ದು ಬಂದರೆ ನಾವು ಅಂಥದ್ದನ್ನು ಪಕ್ಕಕ್ಕೆ ಹಾಕುತ್ತೇವೆ.

ಬಸವಕಲ್ಯಾಣ ಗುರುಗಳು

ಆಗುತ್ತದೆ ಅಣ್ಣ, ಪದರು ಬಿಟ್ಟ ಉದ್ದ ಎಷ್ಟು, ಎಲ್ಲಿದೆ ಎಂಬುದರ ಮೇಲೆ. ನಡುವೆ ಮಾತ್ರ ಬಿಟ್ಟು ತುದಿಗಳಲ್ಲಿ ಗಟ್ಟಿಯಾಗಿ ಹಿಡಿದಿದ್ದರೆ ಜಾರುವಿಕೆಗೆ ತಡೆ ಇರುತ್ತದೆ. ಅಂಬಿಕಾಳ ಫೋಮಿನಲ್ಲಿ ನಟ್ಟನಡುವಿನ ಗೆರೆ ಒಡೆಯದೆ ತುದಿಯವು ಒಡೆದದ್ದನ್ನು ನೋಡಿ. ಆಸರೆಯ ಕಡೆಯ ತುದಿಯಿಂದಲೇ ಪದರು ಬಿಟ್ಟಿದ್ದರೆ ಹೆಚ್ಚು ಅಪಾಯ. ಹಾಗಾಗಿ ಕಲ್ಲಿನ ನಡುವನ್ನು ಮಾತ್ರ ತಟ್ಟಿ ನೋಡಬೇಡಿ, ಎರಡೂ ತುದಿಗಳನ್ನು ತಟ್ಟಿ.